ಸಕ್ಕರೆ ಮುಗಿಯುವ ಮೊದಲೇ ಗೊತ್ತಾಗಬೇಕು

ತಿಂಗಳ ಚೀಟಿ ಹಿಡಿದು ಬಂದ ಗಿರಾಕಿಗಳಿಗೆ 'ಸಕ್ಕರೆ ಇಲ್ಲ, ನಾಳೆ ಬರುತ್ತೆ' ಅಂದರೆ, ಅವರು ಸಕ್ಕರೆಯೊಂದನ್ನು ಬಿಟ್ಟು ಉಳಿದದ್ದನ್ನು ಕಟ್ಟಿಸಿಕೊಳ್ಳುವುದಿಲ್ಲ. ಚೀಟಿ ಮಡಚಿಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ. ಹೋದದ್ದು ಎರಡು ಕಿಲೋ ಸಕ್ಕರೆಯ ವ್ಯಾಪಾರವಲ್ಲ. ಅಕ್ಕಿ, ಬೇಳೆ, ಎಣ್ಣೆ, ಸೋಪು ಎಲ್ಲ ಸೇರಿದ ಇಡೀ ಚೀಟಿ. ದಿನಸಿ ಅಂಗಡಿ ಇಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಸಕ್ಕರೆ ಮುಗಿಯುತ್ತದೆ. ಮೂಟೆಯ ತಳ ಕಂಡಾಗ ಫೋನ್ ಮಾಡಿದರೆ ಮಾಲು ಬರುವುದು ನಾಡಿದ್ದು.

ಅಂಗಡಿಯ ಲೆಕ್ಕವೆಲ್ಲ ಯಜಮಾನರ ತಲೆಯಲ್ಲಿರುತ್ತದೆ. ಗಲ್ಲಾದ ಮೇಲೆ ಅವರೇ ಕೂತಿರುವಷ್ಟು ಹೊತ್ತು ಅದು ಚೆನ್ನಾಗಿಯೇ ನಡೆಯುತ್ತದೆ. ಅವರು ಮದುವೆಗೆಂದು ಎರಡು ದಿನ ಊರು ಬಿಟ್ಟರೆ, ಅಥವಾ ಸಾಮಾನಿನ ಬಗೆ ಇನ್ನೂರು ಮುನ್ನೂರು ದಾಟಿದರೆ, ಲೆಕ್ಕ ತಪ್ಪಲು ಶುರುವಾಗುತ್ತದೆ. ಇದಕ್ಕೆ ದುಬಾರಿ ಬಿಲ್ಲಿಂಗ್ ಯಂತ್ರವೇ ಬೇಕೆಂದಿಲ್ಲ. ಮೊಬೈಲಿನಲ್ಲೋ ಹಳೆಯ ಕಂಪ್ಯೂಟರಿನಲ್ಲೋ ಒಂದು ಸ್ಪ್ರೆಡ್‌ಶೀಟ್ ಸಾಕು: ಒಂದೊಂದು ಸಾಮಾನಿಗೆ ಒಂದೊಂದು ಸಾಲು, ಅದರ ಮುಂದೆ 'ಇಷ್ಟಕ್ಕೆ ಇಳಿದರೆ ತರಿಸಬೇಕು' ಎನ್ನುವ ಒಂದು ಸಂಖ್ಯೆ, ಕೊನೆಯಲ್ಲಿ ತಾನಾಗಿಯೇ ಮೂಡುವ ಒಂದು ಗುರುತು. ಪಟ್ಟಿ ಮಾಡುವುದು ಅರ್ಧ ದಿನದ ಕೆಲಸ. ಆ ಒಂದು ಸಂಖ್ಯೆಯನ್ನು ಸರಿಯಾಗಿ ಹಾಕುವುದರಲ್ಲೇ ಎಲ್ಲ ಇದೆ, ಬಹಳ ಜನ ಎಡವುವುದೂ ಅಲ್ಲಿಯೇ.

ಆ ಸಂಖ್ಯೆಯನ್ನು ಇಲ್ಲಿ 'ತರಿಸುವ ಮಟ್ಟ' ಎಂದು ಕರೆಯೋಣ. ಹಳೆಯ ಮೋಟಾರ್ ಸೈಕಲ್ಲಿನ ಪೆಟ್ರೋಲ್ ರಿಸರ್ವ್ ಇದ್ದಂತೆ ಅದು. ರಿಸರ್ವಿಗೆ ಬಿತ್ತು ಎಂದರೆ ಪೆಟ್ರೋಲ್ ಮುಗಿಯಿತು ಎಂದಲ್ಲ, ಮುಂದಿನ ಬಂಕ್ ತಲುಪುವಷ್ಟು ಇನ್ನೂ ಇದೆ ಎಂದು. ಹಾಗಾದರೆ ಬಂಕ್ ಎಷ್ಟು ದೂರ? ಅಂಗಡಿಯ ಮಟ್ಟಿಗೆ ಆ ದೂರವನ್ನು ದಿನಗಳಲ್ಲಿ ಅಳೆಯಬೇಕು. ದಿನಕ್ಕೆ ಸರಾಸರಿ ಎಷ್ಟು ಹೋಗುತ್ತದೆ, ಮಾಲು ಕೈಸೇರಲು ಎಷ್ಟು ದಿನ ಕಾಯಬೇಕು, ಇವೆರಡನ್ನು ಗುಣಿಸಿ, ಆಪತ್ತಿಗೆಂದು ಸ್ವಲ್ಪ ಸೇರಿಸಿದರೆ ತರಿಸುವ ಮಟ್ಟ ಸಿಗುತ್ತದೆ.

ತಾಲ್ಲೂಕು ಕೇಂದ್ರದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯೊಂದರ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಅಲ್ಲಿ ದಿನಕ್ಕೆ 6 ಕಿಲೋ ಸಕ್ಕರೆ ಹೋಗುತ್ತದೆ. ಪೇಟೆಯ ಸಗಟು ಅಂಗಡಿಗೆ ಯಾವತ್ತು ಫೋನ್ ಮಾಡಿದರೂ 2 ದಿನಕ್ಕೆ 50 ಕಿಲೋ ಮೂಟೆ ಲಗೇಜ್ ಆಟೋದಲ್ಲಿ ಬಂದಿಳಿಯುತ್ತದೆ. ಅಂದರೆ ಕಾಯುವ ಎರಡು ದಿನಕ್ಕೆ 12 ಕಿಲೋ ಬೇಕು. ಬರೀ 12 ಇಟ್ಟುಕೊಂಡರೆ, ಯಾರದೋ ಮನೆಯಲ್ಲಿ ನಾಮಕರಣವೆಂದು ಒಮ್ಮೆಗೇ ನಾಲ್ಕು ಕಿಲೋ ಹೆಚ್ಚಿಗೆ ಹೋದ ದಿನ ಕೈಕಚ್ಚುತ್ತದೆ. ಜೋರಾಗಿ ಹೋಗುವ ದಿನ 10 ಕಿಲೋ ಹೋಗುತ್ತದೆ ಎಂದಾದರೆ, ಮಾಮೂಲಿಗಿಂತ 4 ಕಿಲೋ ಹೆಚ್ಚು. ಎರಡು ದಿನಕ್ಕೆ 8. ಈ 8 ಕಿಲೋ ಆಪತ್ತಿನ ಪಾಲು. ಒಟ್ಟು 20. ಮೂಟೆ ಮತ್ತು ಡಬ್ಬಿ ಸೇರಿ 20 ಕಿಲೋಗೆ ಇಳಿದ ಹೊತ್ತಿಗೆ ಫೋನ್ ಹೋಗಿರಬೇಕು.

ಆಟೋದವನು ಒಂದು ದಿನ ತಡ ಮಾಡಿದರೂ ಈ 20 ಸಾಕು, ಏಕೆಂದರೆ ಮೂರು ದಿನದ ಮಾಮೂಲಿ ವ್ಯಾಪಾರಕ್ಕೆ ಬೇಕಾದದ್ದು 18. ತಡವೂ ಆಗಿ, ವ್ಯಾಪಾರವೂ ಜೋರಾಗಿ ಎರಡೂ ಒಟ್ಟಿಗೆ ಬಂದರೆ ಮಾತ್ರ ಸಾಲದು. ಅಂಥ ದಿನಕ್ಕೂ ಸಿದ್ಧವಾಗಿರಬೇಕೆಂದರೆ ಮಟ್ಟವನ್ನು 30ಕ್ಕೆ ಏರಿಸಬೇಕಾಗುತ್ತದೆ. ಹಾಗೆ ಎಲ್ಲ ಸಾಮಾನಿಗೂ ಏರಿಸುತ್ತ ಹೋದರೆ ದುಡ್ಡೆಲ್ಲ ಮೂಟೆಗಳಲ್ಲಿ ಕೂರುತ್ತದೆ, ಇಲಿ ಹುಳಗಳಿಗೂ ಹಬ್ಬ. ನನ್ನ ಅಭಿಪ್ರಾಯದಲ್ಲಿ ಆಪತ್ತಿನ ಪಾಲನ್ನು ಧಾರಾಳವಾಗಿ ಇಡಬೇಕಾದದ್ದು ಚೀಟಿಯನ್ನೇ ತಪ್ಪಿಸುವ ಸಾಮಾನುಗಳಿಗೆ ಮಾತ್ರ: ಅಕ್ಕಿ, ಸಕ್ಕರೆ, ಬೇಳೆ, ಎಣ್ಣೆ, ಟೀಪುಡಿ. ಒಂದು ಬಗೆಯ ಹಲ್ಲುಪುಡಿ ಇಲ್ಲದಿದ್ದರೆ ಗಿರಾಕಿ ಇನ್ನೊಂದನ್ನು ಒಯ್ಯುತ್ತಾರೆ. ಅದಕ್ಕೆ ಅಷ್ಟು ಜತನ ಬೇಡ.

ಸಕ್ಕರೆಯ ಲೆಕ್ಕ ಸುಲಭ, ಯಾಕೆಂದರೆ ಯಾವತ್ತು ಬೇಕಾದರೂ ಫೋನ್ ಮಾಡಬಹುದು. ಬಿಸ್ಕತ್ತಿನದು ಹಾಗಲ್ಲ.

ಬಿಸ್ಕತ್ತಿನ ಏಜೆನ್ಸಿಯ ಸೇಲ್ಸ್‌ಮನ್ ಆ ಊರಿನ ಲೈನಿಗೆ ಬರುವುದು ಮಂಗಳವಾರ ಬೆಳಿಗ್ಗೆ. 'ಏನಣ್ಣಾ, ಏನು ಹಾಕ್ಲಿ?' ಎಂದು ಕೇಳಿ ಬರೆದುಕೊಂಡು ಹೋಗುತ್ತಾನೆ. ಗುರುವಾರ ಬೆಳಿಗ್ಗೆ ಗಾಡಿ ಬಂದು ಮಾಲು ಇಳಿಸುತ್ತದೆ. ಹತ್ತು ರೂಪಾಯಿಯ ಬಿಸ್ಕತ್ತು ದಿನಕ್ಕೆ 12 ಪ್ಯಾಕೆಟ್ ಹೋಗುತ್ತದೆ ಎನ್ನಿ. ಮಾಲು ಬರಲು ಎರಡು ದಿನ, ಹಾಗಾಗಿ 24, ಮೇಲೆ ಆರು ಸೇರಿಸಿ 30 ಎಂದು ಮಟ್ಟ ಬರೆದುಕೊಂಡರೆ ಸರಿಯಾಗಿಯೇ ಕಾಣುತ್ತದೆ. ಏನಾಗುತ್ತದೆ ನೋಡಿ. ಮಂಗಳವಾರ ಬೆಳಿಗ್ಗೆ 40 ಪ್ಯಾಕೆಟ್ ಇವೆ. ಮಟ್ಟಕ್ಕಿಂತ ಹೆಚ್ಚು, ಗುರುತು ಮೂಡಿಲ್ಲ. 'ಈ ವಾರ ಬೇಡಪ್ಪ' ಎಂದು ಹೇಳಿ ಕಳಿಸಿದ್ದಾಯಿತು. ಸಂಜೆಗೆ 28 ಉಳಿದು ಗುರುತು ಮೂಡುತ್ತದೆ, ಆದರೆ ಅಷ್ಟು ಹೊತ್ತಿಗೆ ಸೇಲ್ಸ್‌ಮನ್ ಮೂರು ಊರು ದಾಟಿದ್ದಾನೆ. ಬುಧವಾರ 16, ಗುರುವಾರ 4, ಶುಕ್ರವಾರ ಬೆಳಿಗ್ಗೆ ಹತ್ತರೊಳಗೆ ಖಾಲಿ. ಮತ್ತೆ ಆರ್ಡರ್ ಹೇಳುವುದು ಮುಂದಿನ ಮಂಗಳವಾರ, ಮಾಲು ಬರುವುದು ಅದರ ಮೇಲಿನ ಗುರುವಾರ. ನಡುವೆ ಆರು ದಿನ ಬಿಸ್ಕತ್ತಿಲ್ಲ. 68 ಪ್ಯಾಕೆಟ್ ವ್ಯಾಪಾರ ಎದುರಿನ ಅಂಗಡಿಯ ಪಾಲು.

ತಪ್ಪಿದ್ದು ಗುಣಾಕಾರದಲ್ಲಲ್ಲ, ಕಾಯುವ ದಿನದಲ್ಲಿ. ಈ ಮಂಗಳವಾರ 'ಬೇಡ' ಅಂದರೆ ಮುಂದಿನ ಮಾಲು ಕೈಗೆ ಸಿಗುವುದು ಎರಡು ದಿನಕ್ಕಲ್ಲ, ಒಂಬತ್ತು ದಿನಕ್ಕೆ. ಸೇಲ್ಸ್‌ಮನ್ ಮತ್ತೆ ಬರಲು 7, ಗಾಡಿ ಬರಲು 2. ಆದ್ದರಿಂದ 12ನ್ನು 9ರಿಂದ ಗುಣಿಸಬೇಕು: 108. ಆಪತ್ತಿಗೆ ಎರಡು ದಿನದ 24 ಸೇರಿಸಿದರೆ 132. ಮಂಗಳವಾರ ಕೈಯಲ್ಲಿ 40 ಇದ್ದರೆ 92 ಹೇಳಬೇಕು. 24ರ ಬಾಕ್ಸ್ ಆದರೆ ನಾಲ್ಕು ಬಾಕ್ಸ್. ಹೀಗೆ ನಡೆಸಿದರೆ ಪ್ರತಿ ಗುರುವಾರ ಗಾಡಿ ಬರುವ ಹೊತ್ತಿಗೆ ಆ ಆಪತ್ತಿನ 24ರ ಆಸುಪಾಸು ಉಳಿದಿರುತ್ತದೆ, ರ‍್ಯಾಕ್ ಬರಿದಾಗುವುದಿಲ್ಲ.

ಬಿಸ್ಕತ್ತಿನಂತೆ ಜೋರಾಗಿ ಹೋಗುವ ಮಾಲಿಗೆ ಪ್ರತಿ ಮಂಗಳವಾರವೂ ಗುರುತು ಇದ್ದೇ ಇರುತ್ತದೆ. ಅದು ದೋಷವಲ್ಲ, ವಾರ ವಾರ ತರಿಸಬೇಕಾದ ಮಾಲು ಅದು. ಅದೇ ಏಜೆನ್ಸಿಯವರ ಪಾತ್ರೆ ತೊಳೆಯುವ ಸೋಪು ದಿನಕ್ಕೆ ಎರಡೇ ಬಿಲ್ಲೆ ಹೋಗುವುದಾದರೆ, ಅದರ ಮಟ್ಟ 18ಕ್ಕೆ 6 ಸೇರಿ 24. 60ರ ಪೆಟ್ಟಿಗೆ ತರಿಸಿದರೆ ತಿಂಗಳಿಗೊಮ್ಮೆ ಗುರುತು ಮೂಡುತ್ತದೆ. ಸೂತ್ರ ಎರಡಕ್ಕೂ ಒಂದೇ. ಇನ್ನು ಯಜಮಾನರು ತಾವೇ ಶನಿವಾರ ಶನಿವಾರ ಪೇಟೆಗೆ ಹೋಗಿ ಮಂಡಿಯಿಂದ ಅವತ್ತೇ ತರುವ ತೊಗರಿಬೇಳೆಗೆ ಕಾಯುವ ದಿನ 7, ಏಕೆಂದರೆ ಈ ಶನಿವಾರ ತಪ್ಪಿದರೆ ಮುಂದಿನ ಶನಿವಾರವೇ ಗತಿ. ಹೀಗಾಗಿ ಪಟ್ಟಿ ಮಾಡುವ ಮೊದಲು ಒಂದು ಹಾಳೆಯಲ್ಲಿ ಯಾವ ಮಾಲು ಯಾರಿಂದ, ಯಾವ ವಾರ, ಹೇಳಿದ ಎಷ್ಟು ದಿನಕ್ಕೆ ಎಂದು ಬರೆದುಕೊಳ್ಳಬೇಕು. ಅದಿಲ್ಲದೆ ಎಲ್ಲದಕ್ಕೂ 'ಹತ್ತು ಉಳಿದರೆ ತರಿಸು' ಎಂದು ಒಂದೇ ಅಂಕಿ ಹಾಕಿದ ಪಟ್ಟಿಗಳು ಎರಡು ತಿಂಗಳು ಬಾಳುವುದಿಲ್ಲ.

ಈಗ ಪಟ್ಟಿ. ಒಂದು ಸೋಮವಾರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅದು ಹೀಗಿರುತ್ತದೆ:

| ಸಾಮಾನು | ಅಳತೆ | ದಿನದ ಮಾರಾಟ | ಕಾಯುವ ದಿನ | ಆಪತ್ತಿಗೆ | ತರಿಸುವ ಮಟ್ಟ | ಇರುವುದು | ಹೇಳಿದ್ದು | ಗುರುತು |
|---|---|---|---|---|---|---|---|---|
| ಸಕ್ಕರೆ | ಕೆ.ಜಿ. | 6 | 2 | 8 | 20 | 19 | 50 | |
| ಬಿಸ್ಕತ್ತು | ಪ್ಯಾಕೆಟ್ | 12 | 9 | 24 | 132 | 40 | 0 | ತರಿಸಿ |
| ಪಾತ್ರೆ ಸೋಪು | ಬಿಲ್ಲೆ | 2 | 9 | 6 | 24 | 41 | 0 | |
| ತೊಗರಿಬೇಳೆ | ಕೆ.ಜಿ. | 3 | 7 | 6 | 27 | 22 | 0 | ತರಿಸಿ |

ಮೊದಲ ಕಾಲಂ A, ಕೊನೆಯದು I. ತರಿಸುವ ಮಟ್ಟವನ್ನು ಕೈಯಿಂದ ಬರೆಯಬಾರದು, ಸೂತ್ರವೇ ಲೆಕ್ಕ ಹಾಕಬೇಕು. ಗುರುತಿನದೂ ಹಾಗೆಯೇ. ಎರಡನೇ ಸಾಲಿನ F ಮತ್ತು I ಕೋಶಗಳಲ್ಲಿ ಇವನ್ನು ಬರೆದು ಕೆಳಗಿನ ಸಾಲುಗಳಿಗೆ ಎಳೆದರಾಯಿತು:

```
=C2*D2+E2
=IF(A2="","",IF(G2+H2<=F2,"ತರಿಸಿ",""))
```

ಎರಡನೆಯ ಸೂತ್ರ ಹೇಳುವುದಿಷ್ಟು: ಸಾಮಾನಿನ ಹೆಸರೇ ಇಲ್ಲದಿದ್ದರೆ ಸುಮ್ಮನಿರು, ಇದ್ದರೆ, ಕೈಯಲ್ಲಿರುವುದೂ ಈಗಾಗಲೇ ಹೇಳಿರುವುದೂ ಸೇರಿ ಮಟ್ಟಕ್ಕೆ ಸಮನಾದರೆ ಅಥವಾ ಕಡಿಮೆಯಾದರೆ 'ತರಿಸಿ' ಎನ್ನು. ಮೊದಲ ತುಂಡನ್ನು ಬಿಟ್ಟರೆ ಕೆಳಗಿನ ಖಾಲಿ ಸಾಲುಗಳಲ್ಲೆಲ್ಲ 'ತರಿಸಿ' ಮೂಡಿ ನಿಲ್ಲುತ್ತದೆ, ಏಕೆಂದರೆ ಖಾಲಿ ಕೋಶ ಅದಕ್ಕೆ ಸೊನ್ನೆ, ಸೊನ್ನೆಗೆ ಸೊನ್ನೆ ಸಮ. ಇಡೀ ಸಾಲಿಗೆ ಬಣ್ಣ ಬರಬೇಕೆಂದರೆ ಗೂಗಲ್ ಶೀಟ್ಸ್‌ನ `Conditional formatting` ಒಳಗೆ `Custom formula is` ಆರಿಸಿ `=$I2="ತರಿಸಿ"` ಎಂದು ಕೊಡಬೇಕು. I ಹಿಂದಿನ ಆ ಡಾಲರ್ ಚಿಹ್ನೆ ಮರೆತರೆ ಬಣ್ಣ ಒಂದು ಕೋಶಕ್ಕಷ್ಟೇ ನಿಲ್ಲುತ್ತದೆ.

'ಹೇಳಿದ್ದು' ಎಂಬ ಕಾಲಂ ಯಾಕೆ ಎಂದು ಸಕ್ಕರೆಯ ಸಾಲು ನೋಡಿದರೆ ತಿಳಿಯುತ್ತದೆ. 19 ಕಿಲೋ ಉಳಿದಿದೆ, ಮಟ್ಟಕ್ಕಿಂತ ಕಡಿಮೆ. ಆದರೆ ಬೆಳಿಗ್ಗೆಯೇ ಒಂದು ಮೂಟೆಗೆ ಹೇಳಿಯಾಗಿದೆ. ಆ 50 ಅಲ್ಲಿ ಬರೆಯದಿದ್ದರೆ ಗುರುತು ಎರಡು ದಿನ ಹಾಗೆಯೇ ಉರಿಯುತ್ತಿರುತ್ತದೆ, ಸಂಜೆ ಗಲ್ಲಾದಲ್ಲಿ ಕೂತ ಮಗ ಅದನ್ನು ನೋಡಿ ಇನ್ನೊಂದು ಮೂಟೆಗೆ ಹೇಳುತ್ತಾನೆ. ಮಾಲು ಇಳಿದ ದಿನ 'ಹೇಳಿದ್ದು' ಸೊನ್ನೆಗೆ ಬರಬೇಕು, 'ಇರುವುದು' ಏರಬೇಕು. ಎರಡನ್ನೂ ಒಟ್ಟಿಗೆ ಮಾಡದಿದ್ದರೆ ಅದೇ 50 ಕಿಲೋ ಎರಡು ಸಲ ಲೆಕ್ಕಕ್ಕೆ ಬಂದು, ಮುಂದಿನ ಸಲ ಗುರುತು ಮೂಡಬೇಕಾದಾಗ ಮೂಡುವುದಿಲ್ಲ. ಹೆಚ್ಚು ತರಿಸಿದ್ದು ಕಣ್ಣಿಗೆ ಬೀಳುತ್ತದೆ. ಮೂಡದೆ ಹೋದ ಗುರುತು ಬೀಳುವುದಿಲ್ಲ. ಇವೆರಡರಲ್ಲಿ ಹೆಚ್ಚು ಕೆಟ್ಟದ್ದು ಎರಡನೆಯದು.

'ಇರುವುದು' ಎಂಬಲ್ಲಿ '40 ಪ್ಯಾಕೆಟ್' ಎಂದು ಬರೆದರೂ ಅಂಥದೇ ತೊಂದರೆ. ಅಂಕಿಯ ಜೊತೆ ಅಕ್ಷರ ಸೇರಿದ ಕೂಡಲೇ ಸ್ಪ್ರೆಡ್‌ಶೀಟಿಗೆ ಅದು ಸಂಖ್ಯೆಯಲ್ಲ, ಬರಹ. ಮೇಲಿನ ಸೂತ್ರದಲ್ಲಿ ಕೂಡುವ ಲೆಕ್ಕ ಇರುವುದರಿಂದ `#VALUE!` ಎಂದು ಕೂಗಿಕೊಳ್ಳುತ್ತದೆ, ತಿದ್ದಬಹುದು. ಬರೀ `G2<=F2` ಎಂದು ಹೋಲಿಸುವ ಸೂತ್ರ ಬರೆದಿದ್ದರೆ ಕೂಗುವುದೂ ಇಲ್ಲ: ಬರಹವನ್ನು ಅದು ಯಾವ ಸಂಖ್ಯೆಗಿಂತಲೂ ದೊಡ್ಡದೆಂದು ಎಣಿಸುತ್ತದೆ, ಒಂದೇ ಪ್ಯಾಕೆಟ್ ಉಳಿದಿದ್ದರೂ ಗುರುತು ಬರುವುದಿಲ್ಲ. ಅಳತೆಗೆ ಬೇರೆ ಕಾಲಂ ಇಟ್ಟಿರುವುದು ಇದಕ್ಕೇ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. 'ಇರುವುದು' ಎಷ್ಟು ಎಂದು ಪಟ್ಟಿಗೆ ತಿಳಿಯುವುದು ಹೇಗೆ? ದೊಡ್ಡ ಅಂಗಡಿಗಳಲ್ಲಿ ಬಾರ್‌ಕೋಡ್ ಓದಿದಂತೆಲ್ಲ ಲೆಕ್ಕ ಇಳಿಯುತ್ತದೆ. ನಮ್ಮ ಅಂಗಡಿಯಲ್ಲಿ ಕಾಲು ಕಿಲೋ ಸಕ್ಕರೆ, ಐವತ್ತು ಗ್ರಾಂ ಸಾಸಿವೆ ಕಟ್ಟುತ್ತ, ಒಂದೊಂದನ್ನೂ ಮೊಬೈಲಿನಲ್ಲಿ ಬರೆಯುತ್ತ ಕೂತರೆ ಸಂಜೆ ಆರರ ಗದ್ದಲದಲ್ಲಿ ಗಿರಾಕಿಗಳು ಕಾಯುವುದಿಲ್ಲ. ಮಾರಿದ್ದನ್ನೆಲ್ಲ ಬರೆಯುತ್ತೇನೆಂದು ಹೊರಟವರು ನಾಲ್ಕನೇ ದಿನಕ್ಕೆ ಬಿಡುತ್ತಾರೆ. ಬಿಡುವುದೇ ಸರಿ. ಮಾರಿದ್ದನ್ನು ಬರೆಯಬೇಕಾಗಿಯೇ ಇಲ್ಲ. ಉಳಿದದ್ದನ್ನು ಎಣಿಸಿದರೆ ಸಾಕು. ಅದೂ ಆರ್ಡರ್ ಹೇಳುವ ಹಿಂದಿನ ರಾತ್ರಿ, ಆ ಲೈನಿನ ಮಾಲನ್ನು ಮಾತ್ರ. ಸೋಮವಾರ ರಾತ್ರಿ ಬಿಸ್ಕತ್ತು ಸೋಪು, ಶುಕ್ರವಾರ ರಾತ್ರಿ ಬೇಳೆ ಕಾಳು. ಸಕ್ಕರೆ ಅಕ್ಕಿಯಂಥವನ್ನು ಮಾತ್ರ ದಿನವೂ ಒಮ್ಮೆ ನೋಡಿ ಬರೆಯಬೇಕು. ಬಿಚ್ಚಿದ ಮೂಟೆಯನ್ನು ತೂಗುವ ಗೋಜಿಲ್ಲ. ಲೂಸ್ ಸಕ್ಕರೆ ಸುರಿದಿಡುವ ಡ್ರಮ್ಮಿನ ಒಳಗೆ ಒಮ್ಮೆ ತೂಗಿ ಸುರಿಯುತ್ತ ಐದೈದು ಕಿಲೋಗೆ ಗೆರೆ ಎಳೆದಿಟ್ಟರೆ ಕಣ್ಣಳತೆಯೇ ಸಾಕಷ್ಟು ನಿಖರವಾಗಿರುತ್ತದೆ.

ಎಣಿಕೆಯಿಂದ ಮಾರಾಟವೂ ತಾನಾಗಿ ಹೊರಬೀಳುತ್ತದೆ. ಹಿಂದಿನ ಎಣಿಕೆಗೆ ನಡುವೆ ಬಂದದ್ದನ್ನು ಕೂಡಿ ಇಂದಿನ ಎಣಿಕೆ ಕಳೆದರಾಯಿತು. ಹೋದ ವಾರ ಸಕ್ಕರೆ 30 ಇತ್ತು, 50 ಬಂತು, ಈಗ 38 ಇದೆ: ವಾರಕ್ಕೆ 42, ದಿನಕ್ಕೆ 6. ಮನೆಯ ಕಾಫಿಗೆ ಒಯ್ದದ್ದು, ಇರುವೆ ತಿಂದದ್ದು, ಕಟ್ಟುವಾಗ ಚೆಲ್ಲಿದ್ದು, ಸಾಲದ ಪುಸ್ತಕದಲ್ಲಿ ಬರೆಯಲು ಮರೆತದ್ದು ಎಲ್ಲ ಆ 42ರಲ್ಲೇ ಸೇರಿದೆ. ಲಾಭದ ಲೆಕ್ಕಕ್ಕೆ ಇದು ಸಾಲದು, ಆದರೆ ತರಿಸುವ ಲೆಕ್ಕಕ್ಕೆ ಇದೇ ಸರಿ. ಹೇಗೇ ಹೋಗಲಿ, ಹೋದದ್ದನ್ನು ತುಂಬಲೇಬೇಕಲ್ಲ. ಈ ಕಳೆಯುವ ಲೆಕ್ಕದಲ್ಲಿ ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ಬರೆಯುವುದರಲ್ಲಿ ಎಡವಟ್ಟಾಗಿದೆ ಎಂದೇ ಅರ್ಥ. ಸಾಮಾನ್ಯವಾಗಿ ಬಂದದ್ದು 50 ಕಿಲೋ ಎನ್ನುವ ಬದಲು ಒಂದು ಮೂಟೆ ಎಂದು 1 ಬರೆದಿರುತ್ತಾರೆ: 30ಕ್ಕೆ 1 ಕೂಡಿ 38 ಕಳೆದರೆ ಮೈನಸ್ 7. ಕೊಳ್ಳುವುದು ಮೂಟೆಯಲ್ಲಿ, ಮಾರುವುದು ಕಿಲೋದಲ್ಲಿ. ಪಟ್ಟಿಯಲ್ಲಿ ಮಾತ್ರ ಮಾರುವ ಅಳತೆಯೊಂದೇ ಇರಬೇಕು.

ಸರಾಸರಿ ಮೋಸ ಮಾಡುವ ಒಂದು ಜಾಗವೂ ಇದೆ. ಬಿಸ್ಕತ್ತು ಶುಕ್ರವಾರವೇ ಖಾಲಿಯಾದ ಆ ವಾರ ನೆನಪಿದೆಯಲ್ಲ. ಮಂಗಳವಾರದಿಂದ ಮಂಗಳವಾರಕ್ಕೆ ಮಾರಾಟವಾದದ್ದು 40. ಏಳರಿಂದ ಭಾಗಿಸಿದರೆ ದಿನಕ್ಕೆ ಆರೂ ಇಲ್ಲ. ಆರೇ ಎಂದಿಟ್ಟುಕೊಂಡು ಮಟ್ಟ ಹಾಕಿದರೆ 132 ಇದ್ದದ್ದು 78ಕ್ಕೆ ಕುಸಿಯುತ್ತದೆ. ಅಷ್ಟನ್ನೇ ತರಿಸಿದರೆ ಇನ್ನೂ ಬೇಗ ಖಾಲಿ, ಖಾಲಿಯಾದದ್ದಕ್ಕೆ ಸರಾಸರಿ ಸುಳ್ಳು. ಮಾಲೇ ಇಲ್ಲದ ದಿನ ಯಾರೂ ಕೊಂಡಿಲ್ಲ ಎಂಬುದಕ್ಕೂ, ಯಾರಿಗೂ ಬೇಡವಾಗಿತ್ತು ಎಂಬುದಕ್ಕೂ ವ್ಯತ್ಯಾಸ ಪಟ್ಟಿಗೆ ತಿಳಿಯದು. ಅದಕ್ಕೇ ಒಂದು ಸಾಮಾನು ಖಾಲಿಯಾದ ದಿನವನ್ನು ಬದಿಯಲ್ಲಿ ಬರೆದಿಟ್ಟು, ಭಾಗಿಸುವಾಗ ಮಾಲು ಇದ್ದ ದಿನಗಳಿಂದ ಮಾತ್ರ ಭಾಗಿಸಬೇಕು. ಇಲ್ಲಿ ಇದ್ದದ್ದು ಮೂರು ದಿನ, ನಾಲ್ಕನೆಯದರ ಬೆಳಗಿನ ಹೊತ್ತು. 40ನ್ನು ಮೂರೂಕಾಲರಿಂದ ಭಾಗಿಸಿದರೆ ಮತ್ತೆ 12ರ ಹತ್ತಿರ ಬರುತ್ತದೆ.

ಎಲ್ಲ ಸಾಮಾನೂ ಪಟ್ಟಿಗೆ ಬರಬೇಕೆಂದಿಲ್ಲ. ಹಾಲು, ಬ್ರೆಡ್, ಕೊತ್ತಂಬರಿ ಸೊಪ್ಪು ದಿನ ಬೆಳಗಾದರೆ ಬರುವಂಥವು, ಅವಕ್ಕೆ ಮಟ್ಟವಿಲ್ಲ. ಮೆಣಸು, ಏಲಕ್ಕಿಯಂಥ ನಿಧಾನ ಹೋಗುವವಕ್ಕೆ ಎರಡು ಡಬ್ಬಿ ಸಾಕು: ಮುಂದಿನ ಡಬ್ಬಿ ಬರಿದಾಗಿ ಹಿಂದಿನದಕ್ಕೆ ಕೈಹಾಕಿದ ದಿನ ತರಿಸುವುದು. ಹಿಂದಿನ ಡಬ್ಬಿಯೇ ತರಿಸುವ ಮಟ್ಟ, ಎಣಿಕೆಯೇ ಬೇಡ. ಟೊಯೋಟಾ ಕಾರ್ಖಾನೆಯ ತೈಚಿ ಓನೊ ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನೇ ಮತ್ತೆ ತುಂಬುವ ಪದ್ಧತಿಯಿಂದ ಪಾಠ ಕಲಿತು, ಬಿಡಿಭಾಗಗಳ ಜೊತೆ ಚೀಟಿ ಕಳಿಸುವ ಕಾನ್‌ಬಾನ್ ವ್ಯವಸ್ಥೆ ಕಟ್ಟಿದರು. 1956ರಲ್ಲಿ ಅಲ್ಲಿಗೆ ಹೋಗಿ ಅಂಥ ಅಂಗಡಿಗಳನ್ನು ಕಣ್ಣಾರೆ ನೋಡಿಯೂ ಬಂದರು. ದಿನಸಿ ಅಂಗಡಿಯಿಂದ ಕಾರ್ಖಾನೆಗೆ ಹೋದ ವಿದ್ಯೆ ಅದು.

ಇನ್ನು ಹಬ್ಬ. ಯುಗಾದಿಗೆ ಹೋಳಿಗೆ ಮಾಡದ ಮನೆಯಿಲ್ಲದ ಊರಿನಲ್ಲಿ ಬೆಲ್ಲ, ಬೇಳೆ, ಮೈದಾಗಳ ಸರಾಸರಿ ಆ ವಾರ ಕೆಲಸಕ್ಕೆ ಬಾರದು. ಸಂಕ್ರಾಂತಿಗೆ ಎಳ್ಳು ಕೊಬ್ಬರಿ, ಗೌರಿ ಗಣೇಶನಿಗೆ ಮತ್ತೆ ಬೆಲ್ಲ ಕಡಲೆ. ಹಬ್ಬಕ್ಕೆ ಹದಿನೈದು ದಿನವಿರುವಾಗಲೇ ಆ ಸಾಲುಗಳ 'ದಿನದ ಮಾರಾಟ'ವನ್ನು ಹೋದ ವರ್ಷ ಅದೇ ವಾರದ ಲೆಕ್ಕ ನೋಡಿ ಕೈಯಿಂದ ಬದಲಿಸಬೇಕು. ಹೋದ ವರ್ಷದ ಲೆಕ್ಕ ಇಲ್ಲದವರು ಸಗಟು ಅಂಗಡಿಯ ಹಳೆಯ ಬಿಲ್ಲು ಹುಡುಕಿದರೆ ಯುಗಾದಿಗೆ ಎಷ್ಟು ಬೆಲ್ಲ ತಂದಿದ್ದೆವೆಂದು ಸಿಗುತ್ತದೆ. ಎಷ್ಟು ಉಳಿಯಿತೆಂಬುದು ಮನೆಯಾಕೆಗೆ ನೆನಪಿರುತ್ತದೆ. ಹಬ್ಬದ ದಿನ ಮಧ್ಯಾಹ್ನವೇ ಅಂಕಿಯನ್ನು ಮತ್ತೆ ಹಳೆಯದಕ್ಕೆ ಇಳಿಸಬೇಕು. ಇಳಿಸದಿದ್ದರೆ ಮರುವಾರವೂ ಪಟ್ಟಿ 'ಬೆಲ್ಲ ತರಿಸಿ' ಅನ್ನುತ್ತಲೇ ಇರುತ್ತದೆ. ಹಾಗೆ ತರಿಸಿಟ್ಟ ಬೆಲ್ಲ ಮಳೆಗಾಲ ಹಿಡಿಯುವ ಹೊತ್ತಿಗೆ ನೀರೂರಿ ಗೋಣಿಗೆ ಅಂಟಿ ಕೂತಿರುತ್ತದೆ, ಅರ್ಧ ಬೆಲೆಗೂ ಕೇಳುವವರಿರುವುದಿಲ್ಲ.